ಅವರಿಗೂ ಹೇಳಿ

ಮಳೆಗಾಲ ಮುಗಿದ ಹೊಸತು. ರಾತ್ರಿ ಊಟಕ್ಕೆ ಕೂತಿದ್ದೆ, ಹಳೆಯ ಗೆಳೆಯನ ವಾಟ್ಸಾಪ್ ಬಂತು. ಮುಳ್ಳೇರಿಯ ಕಡೆಯವನು, ಜೊತೆಗೇ ಶಾಲೆಗೆ ಹೋದವರು ನಾವು. "ಇದೊಂದು ಟ್ರಾನ್ಸ್‌ಲೇಟ್ ಮಾಡಿ ಕೊಡು ಮಾರಾಯ, ಅರ್ಜೆಂಟ್" ಎಂದು ಬರೆದಿದ್ದ. ಕೆಳಗೆ ಒಂದೇ ಒಂದು ಸಾಲು:

"ನಾವು ಬುಧವಾರ ಹೋಗುತ್ತೇವೆ, ಅವರಿಗೂ ಹೇಳಿ."

ಐದೇ ಪದ. ಎರಡನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಕನ್ನಡ. ಯಾವ ಭಾಷೆಗೆ ಎಂದು ಅವನು ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಕಾಸರಗೋಡಿನಲ್ಲಿ ಕನ್ನಡ ಬಲ್ಲವನೊಬ್ಬ ಕನ್ನಡದ ಸಾಲು ಕೊಟ್ಟು ಅನುವಾದ ಮಾಡು ಅಂದರೆ ಹತ್ತರಲ್ಲಿ ಒಂಬತ್ತು ಸಲ ಅದು ಮಲಯಾಳಕ್ಕೇ. ಎಡಗೈಯಲ್ಲಿ ಫೋನ್ ಹಿಡಿದು, ಬಲಗೈ ಅನ್ನದಲ್ಲಿರುವಾಗಲೇ ಹೆಬ್ಬೆರಳಿನಿಂದ ಬರೆದು ಕಳಿಸಿದೆ. ಮಲಯಾಳ ಲಿಪಿಯಲ್ಲಿ ಬರೆದದ್ದನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ:

"ಞಙ್ಙಳ್ ಬುಧನಾಳ್ಚ ಪೋಗುನ್ನುಂಡ್, ಅವರೋಡುಂ ಪರಯುಗ."

ವ್ಯಾಕರಣದಲ್ಲಿ ತಪ್ಪಿಲ್ಲ. 'ಅವರಿಗೆ ಹೇಳು' ಎಂಬಲ್ಲಿ ನಮ್ಮ ಕಡೆಯ ಕನ್ನಡಿಗರು ಮಲಯಾಳದಲ್ಲೂ 'ಅವರ್ಕ್' ಎಂದು ಬರೆದು ಸಿಕ್ಕಿಬೀಳುತ್ತಾರೆ. ಅಲ್ಲಿ 'ಅವರೋಡ್' ಎನ್ನಬೇಕು. ಅದನ್ನು ಸರಿಯಾಗಿ ಹಾಕಿದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡದ್ದೂ ನೆನಪಿದೆ. ಭಾಷೆಯ ಊಹೆಯೂ ಸರಿಯಾಗಿತ್ತು, ಅವನಿಗೆ ಬೇಕಾದದ್ದು ಮಲಯಾಳವೇ. ಆದರೂ ಆ ಸಾಲಿನಿಂದ ಅವನಿಗೆ ಒಂದು ಇಡೀ ದಿನ ಹಾಳಾಯಿತು.

ನಡೆದದ್ದು ಇಷ್ಟು. ಅವನು ಮನೆ ಕಟ್ಟಿಸುತ್ತಿದ್ದ. ಮರದ ಕೆಲಸದ ಮೇಸ್ತ್ರಿ ನೀಲೇಶ್ವರದ ಕಡೆಯವರು, ಮಲಯಾಳ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಬಾಗಿಲಿನ ದಾರಂದಕ್ಕೆ ಹಲಸಿನ ಮರ ಆರಿಸಲು ಬುಧವಾರ ಡಿಪೋಗೆ ಹೋಗುವುದು ಎಂದು ಇವನ ಲೆಕ್ಕ. ಮೇಸ್ತ್ರಿ ಜೊತೆಗಿರಬೇಕು. ಮೇಸ್ತ್ರಿಗೆ ಕೆಲಸ ಕಲಿಸಿದ ಹಿರಿಯ ಆಚಾರಿಯೊಬ್ಬರಿದ್ದಾರೆ, ಎಪ್ಪತ್ತು ದಾಟಿದವರು, ಮರ ನೋಡಿಯೇ ತಿರುಳು ಎಷ್ಟು ಬಿಳಿ ಎಷ್ಟು ಎಂದು ಹೇಳುವವರು. ಅವರೂ ಬರಬೇಕು. ಇದು ಗೆಳೆಯನ ತಲೆಯಲ್ಲಿದ್ದ ಸಾಲು.

ಮೇಸ್ತ್ರಿ ಓದಿದ ಸಾಲು ಬೇರೆ. 'ಞಙ್ಙಳ್' ಅಂದರೆ ಮಲಯಾಳದಲ್ಲಿ 'ನಾವು, ನಿಮ್ಮನ್ನು ಬಿಟ್ಟು'. ಕೇಳುವವರನ್ನೂ ಸೇರಿಸಿಕೊಳ್ಳುವ ನಾವು ಬೇಕಾದರೆ 'ನಮ್ಮಳ್' ಎಂಬ ಬೇರೆಯೇ ಪದ ಉಂಟು. ಹಾಗಾಗಿ ಅವರಿಗೆ ತಿಳಿದದ್ದು: ಮನೆಯವರು ಬುಧವಾರ ಎಲ್ಲಿಗೋ ಹೋಗುತ್ತಾರೆ, ಸೈಟಿನಲ್ಲಿ ಯಾರೂ ಇರುವುದಿಲ್ಲ. ಇನ್ನು 'ಅವರೋಡುಂ ಪರಯುಗ'. ಯಾರಿಗೆ ಹೇಳಬೇಕು? ಸೈಟಿನಲ್ಲಿ ಕೈಕೆಳಗಿರುವ ಇಬ್ಬರು ಕೆಲಸದವರಿಗೆ, ಮತ್ಯಾರಿಗೆ? ಹೇಳಿದರು. ಬುಧವಾರ ಇಬ್ಬರೂ ರಜೆ ಮಾಡಿದರು. ಮೇಸ್ತ್ರಿ ಪಯ್ಯನ್ನೂರಿನ ಹತ್ತಿರ ಇನ್ನೊಂದು ಮನೆಯ ಕೆಲಸಕ್ಕೆ ಹೋದರು. ನನ್ನ ಗೆಳೆಯ ಬಾಡಿಗೆಗೆ ಹಿಡಿದ ಪಿಕಪ್ಪಿನಲ್ಲಿ ಡಿಪೋ ಎದುರು ಹನ್ನೊಂದು ಗಂಟೆಯವರೆಗೆ ಕಾದ. ಮರದ ದಿಮ್ಮಿಗಳನ್ನು ನೋಡಿದ. ಎಲ್ಲವೂ ಒಂದೇ ಥರ ಕಂಡವಂತೆ.

ಫೋನ್ ಮಾಡಿದಾಗ ಮೇಸ್ತ್ರಿ ಜಗಳವಾಡಲಿಲ್ಲ, ಮೆಲ್ಲಗೆ ಕೇಳಿದರಂತೆ: "ನಿಙ್ಙಳ್ ಪೋಗುನ್ನು ಎನ್ನಲ್ಲೇ ಎಳುದಿಯದ್?" ನೀವು ಹೋಗುವುದು ಅಂತ ಅಲ್ವಾ ಬರೆದದ್ದು? ಹೌದು, ಹಾಗೇ ಬರೆದದ್ದು. ಬರೆದವನು ನಾನು.

ಆಮೇಲೆ ಅವನ ಜೊತೆ ಕೂತು ಮಾತಾಡುವಾಗ ಸಿಕ್ಕಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಅವನ ಮನೆಮಾತು ತುಳು. ಆ ರಾತ್ರಿ ಮನೆಯಲ್ಲಿ ಹೆಂಡತಿಯ ಹತ್ತಿರ ಅವನು ಹೇಳಿದ್ದು, ಮೇಸ್ತ್ರಿಗೆ ಹೀಗೆ ಹೇಳಬೇಕು ಎಂದು ಅಂದುಕೊಂಡದ್ದು ತುಳುವಿನಲ್ಲಿ: "ನಮ ಬುದಾರ ಪೋಪ, ಆರೆಗ್‌ಲಾ ಪನ್ಲೆ." ಬರೆಯುವುದು ಅಂದರೆ ಕನ್ನಡದಲ್ಲೇ ಎಂಬ ಅಭ್ಯಾಸ ನಮ್ಮವರಿಗೆ. ಶಾಲೆಯಲ್ಲಿ ಕಲಿತದ್ದು ಅದೇ. ಹಾಗಾಗಿ ನನಗೆ ಕಳಿಸುವ ಮೊದಲೇ ಅವನು ಒಂದು ಅನುವಾದ ಮಾಡಿದ್ದ, ಅದು ಅನುವಾದ ಎಂದು ಅವನಿಗೇ ಗೊತ್ತಿರಲಿಲ್ಲ.

ಈಗ ಆ ತುಳು ಸಾಲನ್ನು ನೋಡಿ. ತುಳುವಿನಲ್ಲಿ ನಾವು ಎನ್ನಲು ಎರಡು ಪದ. 'ನಮ' ಅಂದರೆ ನೀನೂ ಸೇರಿ. 'ಎಂಕುಲು' ಅಂದರೆ ನಿನ್ನನ್ನು ಬಿಟ್ಟು. ಗೆಳೆಯ ಹೇಳಿದ್ದು 'ನಮ'. ಮೇಸ್ತ್ರಿಯೂ ಸೇರಿದ್ದಾರೆ, ಸಂಶಯವೇ ಇಲ್ಲ. ಕನ್ನಡದ 'ಅವರು' ಎಂಬಲ್ಲಿಯೂ ತುಳುವಿಗೆ ಎರಡು ಪದ ಉಂಟು. ಒಬ್ಬರೇ ಆಗಿದ್ದು ಮರ್ಯಾದೆ ಕೊಟ್ಟು ಹೇಳುವುದಾದರೆ 'ಆರ್'. ತುಂಬಾ ಜನ ಆದರೆ 'ಅಕುಲು'. ಅವನು ಹೇಳಿದ್ದು 'ಆರೆಗ್‌ಲಾ', ಅಂದರೆ ಆ ಒಬ್ಬ ಹಿರಿಯರಿಗೂ. ಕೆಲಸದವರಿಗೆ ಎಂದಾಗಿದ್ದರೆ 'ಅಕ್ಲೆಗ್‌ಲಾ' ಎನ್ನುತ್ತಿದ್ದ.

ಮಲಯಾಳಕ್ಕೆ ಬೇಕಾದದ್ದೆಲ್ಲ ತುಳುವಿನಲ್ಲಿತ್ತು. ಮಧ್ಯದಲ್ಲಿ ಕನ್ನಡದ ಮೂಲಕ ಹಾದುಬರುವಾಗ ಅದು ಸೋರಿಹೋಯಿತು. ಕನ್ನಡದಲ್ಲಿ 'ನಾವು' ಒಂದೇ, ನೀವು ಇದ್ದರೂ ನಾವು, ಇಲ್ಲದಿದ್ದರೂ ನಾವು. 'ಅವರು' ಒಂದೇ, ಒಬ್ಬ ಗಂಡಸೋ ಒಬ್ಬ ಹೆಂಗಸೋ ಹತ್ತು ಜನವೋ. 'ಹೇಳಿ' ಕೂಡ ಒಂದೇ, ಒಬ್ಬ ಹಿರಿಯರಿಗೆ ಹೇಳಿದ್ದೋ ನಾಲ್ಕು ಮಕ್ಕಳಿಗೆ ಹೇಳಿದ್ದೋ ಆ ಪದದಿಂದ ಗೊತ್ತಾಗುವುದಿಲ್ಲ.

ಈ 'ನಾವು' ವಿಷಯದಲ್ಲಿ ಕನ್ನಡ ಸ್ವಲ್ಪ ಒಂಟಿ. ಸುತ್ತಲಿನ ಭಾಷೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಮಲಯಾಳದಲ್ಲಿ ನಮ್ಮಳ್ ಮತ್ತು ಞಙ್ಙಳ್. ತಮಿಳಿನಲ್ಲಿ ನಾಂ ಮತ್ತು ನಾಂಗಳ್. ತೆಲುಗಿನಲ್ಲಿ ಮನಂ ಮತ್ತು ಮೇಮು. ಮರಾಠಿಯಲ್ಲಿ ಕೂಡ ಆಪಣ್ ಮತ್ತು ಆಮ್ಹಿ. ಅಂದರೆ ಕರ್ನಾಟಕದ ಹೆಚ್ಚಿನ ಗಡಿಗಳಲ್ಲಿ ನಿಂತು ಅನುವಾದ ಮಾಡಿದರೆ ಆಚೆ ಬದಿಯಲ್ಲಿ ಈ ಪ್ರಶ್ನೆ ಕಾದಿರುತ್ತದೆ. ಇಷ್ಟೂ ಸಾಲದು ಎಂದು, ನಮ್ಮ ಮನೆಯಲ್ಲಿ ಆಡುವ ಹವ್ಯಕ ಕನ್ನಡದಲ್ಲೂ 'ಎಂಗೊ' ಬೇರೆ, 'ನಾವು' ಬೇರೆ. ಅಮ್ಮ "ಎಂಗೊ ಹೋವುತ್ತೆಯೊ" ಅಂದರೆ ನಾನು ಮನೆಯಲ್ಲೇ ಉಳಿಯುವುದು ಎಂದು ಚಿಕ್ಕಂದಿನಲ್ಲೇ ಗೊತ್ತಿತ್ತು, ಅಳಲು ಶುರುಮಾಡುತ್ತಿದ್ದೆ. ಅಂಥ ನಾನೇ ಶಾಲೆಯ ಕನ್ನಡ ಕಂಡ ಕೂಡಲೇ ಆ ಕಿವಿಯನ್ನು ಮುಚ್ಚಿಬಿಟ್ಟೆ.

ಒಂದು ಆಕ್ಷೇಪ ಬರಬಹುದು. ಮೇಸ್ತ್ರಿಯನ್ನೂ ಸೇರಿಸಿ ಹೇಳುವುದಾದರೆ 'ಹೋಗೋಣ' ಎನ್ನಬೇಕಿತ್ತು, ನಮ್ಮ ಕಡೆಯಾದರೆ 'ಹೋಗುವ' ಎನ್ನಬೇಕಿತ್ತು, 'ಹೋಗುತ್ತೇವೆ' ಅಂದದ್ದೇ ತಪ್ಪು ಎಂದು. ನಾನೂ ಅವನಿಗೆ ಹಾಗೇ ಹೇಳಿ ಬಚಾವಾಗಲು ನೋಡಿದೆ. ಆದರೆ ಮೊದಲೇ ಮಾತಾಗಿ ನಿಶ್ಚಯವಾದ ಕೆಲಸವನ್ನು ನೆನಪಿಸುವಾಗ ನಾವು 'ಹೋಗುತ್ತೇವೆ' ಎಂದೂ ಹೇಳುತ್ತೇವೆ. "ನಾವು ನಾಡಿದ್ದು ಮದುವೆಗೆ ಹೋಗುತ್ತೇವಲ್ಲ, ಆಗ ನೋಡುವ" ಎಂದು ಹೆಂಡತಿಗೆ ಹೇಳಿದರೆ ಅವಳನ್ನು ಮನೆಯಲ್ಲಿ ಬಿಟ್ಟು ಹೋಗುವುದು ಎಂದು ಅರ್ಥವೇ? ಸಾಲು ತಪ್ಪಾಗಿರಲಿಲ್ಲ. ಯಾರಿಗೆ ಹೇಳುವುದು ಎಂಬುದು ಸಾಲಿನ ಹೊರಗಿತ್ತು, ನಾನು ಅಲ್ಲಿಗೆ ಕಣ್ಣು ಹಾಯಿಸಲಿಲ್ಲ, ಅಷ್ಟೇ.

ಇನ್ನು ಆ 'ಪರಯುಗ'. ಇದರಿಂದ ಯಾರ ದಿನವೂ ಹಾಳಾಗಲಿಲ್ಲ, ಆದರೆ ನೆನೆದರೆ ನನಗೆ ಈಗಲೂ ನಾಚಿಕೆ. ಮಲಯಾಳದಲ್ಲಿ ಹೇಳು ಎನ್ನಲು ಮೆಟ್ಟಿಲುಗಳಿವೆ. 'ಪರ' ಅಂದರೆ ಸಲಿಗೆ, ತಮ್ಮನಿಗೋ ಗೆಳೆಯನಿಗೋ. 'ಪರಯೂ' ಅಂದರೆ ನಯ. 'ಪರಯಣಂ' ಅಂದರೆ ಹೇಳಬೇಕು, ಸ್ವಲ್ಪ ಒತ್ತಾಯ. 'ಪರಯಣೇ' ಎಂದು ಕೊನೆಗೆ ಎಳೆದರೆ ಹೇಳಿಬಿಡಿ ಆಯ್ತಾ ಎಂಬ ಸ್ನೇಹದ ಕೋರಿಕೆ. 'ಪರಯುಗ' ಇದಾವುದೂ ಅಲ್ಲ. ಅದರಲ್ಲಿ ಎದುರಿಗೆ ಮನುಷ್ಯನೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ 'ಉತ್ತರಂ ಎಳುದುಗ' ಎಂದು ಇರುತ್ತದಲ್ಲ, ಬೋರ್ಡಿನಲ್ಲಿ 'ಕ್ಯೂ ಪಾಲಿಕ್ಕುಗ' ಎಂದು ಇರುತ್ತದಲ್ಲ, ಆ ರೂಪ. ಆರು ತಿಂಗಳಿಂದ ಚಹಾ ಕುಡಿಯುತ್ತಾ ಹರಟೆ ಹೊಡೆಯುವ ಮನೆಯ ಯಜಮಾನ ಒಮ್ಮೆಲೇ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಮಾತಾಡಿದರೆ ಮೇಸ್ತ್ರಿಗೆ ಏನನ್ನಿಸಬೇಡ? ಬಹುಶಃ ಅದಕ್ಕೇ ಅವರು ಮರಳಿ ಫೋನ್ ಮಾಡಿ ಕೇಳಲಿಲ್ಲ. ಬರೆದದ್ದು ಸ್ವಲ್ಪ ಸಲಿಗೆಯಲ್ಲಿದ್ದಿದ್ದರೆ "ಎಲ್ಲಿಗೆ ಹೋಗುವುದು?" ಎಂದಾದರೂ ಕೇಳುತ್ತಿದ್ದರು. ಇದು ನನ್ನ ಊಹೆ, ಆದರೆ ನೋಟೀಸಿನ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ ಎನ್ನುವುದನ್ನು ಬೇರೆ ಕಡೆಯೂ ನೋಡಿದ್ದೇನೆ.

ಹಾಗಾದರೆ ಸರಿಯಾದ ಸಾಲು ಯಾವುದು? ಈಗ ಬರೆಯುವುದಾದರೆ ಹೀಗೆ ಬರೆಯುತ್ತೇನೆ:

"ನಮುಕ್ಕ್ ಬುಧನಾಳ್ಚ ಪೋಗಾಂ, ಮೂತ್ತಾಶಾರಿಯೋಡುಂ ಪರಯಣೇ."

'ನಮುಕ್ಕ್ ಪೋಗಾಂ' ಎಂಬಲ್ಲಿ ಮೇಸ್ತ್ರಿ ಸೇರಿದರು. 'ಅವರು' ಹೋಗಿ 'ಮೂತ್ತಾಶಾರಿ' ಬಂತು, ಅಂದರೆ ಹಿರಿಯ ಆಚಾರಿ. ವ್ಯಾಕರಣದ ಪುಸ್ತಕ ಕೇಳಿದರೆ ಗೌರವದ ಒಬ್ಬ ಗಂಡಸಿಗೆ 'ಅದ್ದೇಹಂ' ಎನ್ನಬೇಕು. ಆದರೆ ಮರದ ಕೆಲಸದವರ ನಡುವೆ 'ಅದ್ದೇಹತ್ತೋಡ್' ಎಂದರೆ ಭಾಷಣದ ಹಾಗೆ ಕೇಳುತ್ತದೆ. ಮಲಯಾಳಿಗಳು ಇಂಥ ಕಡೆ ಸರ್ವನಾಮದ ಗೋಜಿಗೇ ಹೋಗದೆ ಕೆಲಸದ ಹೆಸರನ್ನೋ ಸಂಬಂಧದ ಹೆಸರನ್ನೋ ಹಾಕಿಬಿಡುತ್ತಾರೆ. ನಾವೂ ಅಷ್ಟೇ ಅಲ್ವಾ, ಮಾವನ ಎದುರು 'ನೀವು' ಎನ್ನುವುದಕ್ಕಿಂತ ಹೆಚ್ಚು ಸಲ 'ಮಾವ' ಎನ್ನುವುದು.

ಗಮನಿಸಿ, ಎರಡು ಮಲಯಾಳ ಸಾಲುಗಳನ್ನು ಪಕ್ಕದಲ್ಲಿಟ್ಟರೆ 'ಬುಧನಾಳ್ಚ' ಒಂದು ಬಿಟ್ಟು ಯಾವ ಪದವೂ ಹಾಗೇ ಉಳಿದಿಲ್ಲ. ಕನ್ನಡದ ಸಾಲು ಮಾತ್ರ ಒಂದೇ.

ಇದೇ ಸಾಲು ಇಂಗ್ಲಿಷಿಗೆ ಬೇಕಿತ್ತು ಅಂದುಕೊಳ್ಳಿ. ಅಲ್ಲಿ 'ನಾವು' ಸಮಸ್ಯೆಯೇ ಅಲ್ಲ, ಇಂಗ್ಲಿಷ್ ಕೂಡ ನಮ್ಮ ಹಾಗೆ ಒಂದೇ ಪದದಲ್ಲಿ ಮುಗಿಸುತ್ತದೆ. ಆದರೆ 'ಅವರು' ಒಬ್ಬರೇ ಆದರೆ ಗಂಡೋ ಹೆಣ್ಣೋ ಎಂದು ಹೇಳದೆ ಆ ಭಾಷೆ ಸಾಮಾನ್ಯವಾಗಿ ಮುಂದೆ ಹೋಗಲು ಬಿಡುವುದಿಲ್ಲ. ತುಳು ಕೇಳುವ ಪ್ರಶ್ನೆ ಬೇರೆ, ಮಲಯಾಳ ಕೇಳುವುದು ಬೇರೆ, ಇಂಗ್ಲಿಷ್ ಕೇಳುವುದು ಬೇರೆ. ಯಾವ ಭಾಷೆಗೆ ಎಂದು ಗೊತ್ತಾಗುವ ತನಕ ಗೆಳೆಯನ ಹತ್ತಿರ ಏನು ಕೇಳಬೇಕು ಎಂಬುದೂ ನನಗೆ ಗೊತ್ತಾಗುವುದಿಲ್ಲ.

ಆದರೂ ನಾನೀಗ ಮೊದಲು ಕೇಳುವುದು "ಯಾವ ಭಾಷೆಗೆ?" ಎಂದಲ್ಲ. ಆ ಪ್ರಶ್ನೆಗೆ ಬರುವ ಉತ್ತರ ಚಿಕ್ಕದು: "ಮಲಯಾಳಕ್ಕೆ." ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು "ಇದನ್ನು ಓದುವುದು ಯಾರು?" ಎಂದು ಕೇಳುತ್ತೇನೆ. ಜನ ಭಾಷೆಯ ಹೆಸರು ಹೇಳಿ ನಿಲ್ಲಬಹುದು, ಮನುಷ್ಯರ ಬಗ್ಗೆ ಕೇಳಿದರೆ ಹಾಗೆ ನಿಲ್ಲುವುದಿಲ್ಲ. "ನಮ್ಮ ಮೇಸ್ತ್ರಿ, ನೀಲೇಶ್ವರದವರು, ಒಳ್ಳೆ ಜನ, ಮರ ನೋಡಲು ಬರಬೇಕು, ಅವರ ಗುರುಗಳೂ ಬಂದರೆ ಒಳ್ಳೆಯದಿತ್ತು" ಎಂದು ಎಲ್ಲವೂ ಬರುತ್ತದೆ. ಭಾಷೆ, ಸಲಿಗೆ, 'ನಾವು' ಯಾರು, 'ಅವರು' ಯಾರು ಎಲ್ಲ ಅದರಲ್ಲೇ ಇರುತ್ತದೆ.

ಎರಡನೆಯದು, "ಅವರು ಓದುತ್ತಾರೋ, ನೀನು ಓದಿ ಹೇಳುವುದೋ?" ನಮ್ಮ ಊರಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಮಂಜೇಶ್ವರ, ಉಪ್ಪಳದ ಕಡೆ ಮನೆಯಲ್ಲಿ ಮಲಯಾಳ ಮಾತಾಡಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದ ಹಿರಿಯರಿದ್ದಾರೆ. ಅವರಿಗೆ ಮಲಯಾಳ ಲಿಪಿಯಲ್ಲಿ ಬರೆದು ಕೊಟ್ಟರೆ ಉಪಯೋಗವಿಲ್ಲ, ಮಲಯಾಳವನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೊಡಬೇಕು. ತುಳುವನ್ನಂತೂ ನಾವು ಕನ್ನಡ ಅಕ್ಷರದಲ್ಲೇ ಬರೆಯುವುದು. ಹಾಗಾಗಿ ಮಲಯಾಳಕ್ಕೆ ಎಂದು ಭಾಷೆಯ ಹೆಸರು ಹೇಳಿದರೂ ಲಿಪಿ ಯಾವುದು ಎಂದು ಇನ್ನೂ ಹೇಳಿದ ಹಾಗಾಗಲಿಲ್ಲ. ಫೋನಿನಲ್ಲಿ ವಾಯ್ಸ್ ಕಳಿಸುವುದಾದರೆ ಮತ್ತೂ ಬೇರೆ. ಆಗ ಪುಸ್ತಕದ ಮಲಯಾಳ ಬೇಡ, ಊರಿನ ಮಲಯಾಳ ಬೇಕು.

ಓದುವುದು ಯಾರು ಎಂದು ಕೇಳಿ ಅನುವಾದವೇ ಬೇಡವಾದದ್ದೂ ಉಂಟು. ಬದಿಯಡ್ಕದ ಹತ್ತಿರದ ಒಬ್ಬ ಅಜ್ಜ ಕನ್ನಡದಲ್ಲಿ ಬರೆದ ಅರ್ಜಿ ಹಿಡಿದುಕೊಂಡು ಬಂದರು, ಮಲಯಾಳ ಮಾಡಿ ಕೊಡಬೇಕು ಎಂದು. ಯಾರಿಗೆ ಅಜ್ಜ ಎಂದೆ. ಸರಕಾರದ ಒಂದು ಆಫೀಸಿಗೆ. ಕೇರಳದ 1969ರ ಆಡಳಿತ ಭಾಷೆಯ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದ್ದಾರೆ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡದಲ್ಲೇ ಕೊಡಿ ಅಂದೆ. ಅಜ್ಜ ನನ್ನನ್ನೇ ಸಂಶಯದಿಂದ ನೋಡಿದರು, ಇವನಿಗೆ ಮಲಯಾಳ ಬರುವುದಿಲ್ಲವೋ ಏನೋ ಎಂಬ ಹಾಗೆ.

ಕೆಲವು ಸಲ ಕೇಳಲು ಆಗುವುದಿಲ್ಲ. ಕಳಿಸಿದವರು ಬಸ್ಸಿನಲ್ಲಿರುತ್ತಾರೆ, ನೆಟ್‌ವರ್ಕ್ ಇರುವುದಿಲ್ಲ, ಅರ್ಜೆಂಟ್ ಎಂಬ ಪದ ಮಾತ್ರ ಇರುತ್ತದೆ. ಆಗ ಒಂದು ಊಹೆ ಮಾಡಿ ಬರೆಯಲೇಬೇಕು. ಈಗ ಮಾಡುವುದೇನೆಂದರೆ, ಅನುವಾದದ ಕೆಳಗೆ ನನ್ನ ಊಹೆಯನ್ನು ಕನ್ನಡದಲ್ಲಿ ಒಂದು ಸಾಲು ಬರೆಯುತ್ತೇನೆ. ಗೆಳೆಯನಿಗೆ ಅಂದು ಹೀಗೆ ಬರೆದಿದ್ದರೆ ಸಾಕಿತ್ತು: "ಮಲಯಾಳದಲ್ಲಿ ಬರೆದಿದ್ದೇನೆ. ಓದುವವರು ನಿಮ್ಮ ಜೊತೆ ಬರುವುದಿಲ್ಲ, 'ಅವರು' ಅಂದರೆ ಹಲವರು ಎಂದು ತಿಳಿದುಕೊಂಡಿದ್ದೇನೆ. ಸರಿಯಾ?" ಅವನಿಗೆ ಮಲಯಾಳ ಲಿಪಿ ಓದಲು ಬರುವುದಿಲ್ಲ, ನನ್ನ ಸಾಲಿನ ತಪ್ಪು ಅವನಿಗೆ ಕಾಣುವ ದಾರಿಯೇ ಇರಲಿಲ್ಲ. ಊಹೆ ಕನ್ನಡದಲ್ಲಿ ಇದ್ದಿದ್ದರೆ ಓದಿದ ಕೂಡಲೇ "ಅಲ್ಲ ಮಾರಾಯ, ಮೇಸ್ತ್ರಿಯೇ ಬರಬೇಕು" ಎನ್ನುತ್ತಿದ್ದ. ಬುಧವಾರಕ್ಕೆ ಇನ್ನೂ ಎರಡು ದಿನ ಇತ್ತು.

ಒಂದು ಕಡೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅದಕ್ಕಿಂತ ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಕನ್ನಡ ಆಧಾರಪತ್ರಗಳು ಇವತ್ತೂ ಮನೆಗಳ ಪೆಟ್ಟಿಗೆಯಲ್ಲಿವೆ, ಜಾಗದ ತಕರಾರು ಬಂದಾಗ ಹೊರಗೆ ಬರುತ್ತವೆ. ಅದರಲ್ಲಿ 'ಅವರಿಗೆ ಸೇರತಕ್ಕದ್ದು' ಎಂದಿದ್ದರೆ ಆ ಅವರು ಯಾರು ಎಂದು ನಾನು ತೀರ್ಮಾನ ಮಾಡುವ ಹಾಗಿಲ್ಲ. ಅಣ್ಣತಮ್ಮಂದಿರು ಜಗಳವಾಡುತ್ತಿರುವುದೇ ಅದಕ್ಕೆ ಇರಬಹುದು. ಅಲ್ಲಿ ಮೂಲದ ಅಸ್ಪಷ್ಟತೆಯನ್ನು ಹಾಗೇ ದಾಟಿಸಬೇಕು, ಆಗದಿದ್ದರೆ ಮೂಲದ ಪದವನ್ನೇ ಪಕ್ಕದಲ್ಲಿ ಬರೆದಿಡಬೇಕು. ಮೇಸ್ತ್ರಿಗೆ ಬರೆಯುವಾಗ ಬಿಡಿಸಿ ಹೇಳುವುದು ಕೆಲಸ, ಕೋರ್ಟಿಗೆ ಬರೆಯುವಾಗ ಬಿಡಿಸದೆ ಬಿಡುವುದೇ ಕೆಲಸ.

ದಾರಂದ ಕೊನೆಗೆ ಹಲಸಿನದ್ದೇ ಆಯಿತು. ಮುಂದಿನ ವಾರ ಹಿರಿಯ ಆಚಾರಿಯವರೇ ಬಂದು ಆರಿಸಿದರು. ಪಿಕಪ್ಪಿನ ಬಾಡಿಗೆ ಕೊಡುತ್ತೇನೆ ಎಂದದ್ದಕ್ಕೆ ಗೆಳೆಯ ನಕ್ಕುಬಿಟ್ಟ.

ಮೊನ್ನೆ ಅವನದೇ ಮೆಸೇಜ್ ಮತ್ತೆ ಬಂತು. ಮನೆ ಒಕ್ಕಲಿನ ಕಾಗದ ಅಚ್ಚು ಹಾಕಿಸಬೇಕಂತೆ. "ಇದೊಂದು ಟ್ರಾನ್ಸ್‌ಲೇಟ್ ಮಾಡು" ಎಂದು ಬರೆದು ಕೆಳಗೆ ಒಂದು ಸಾಲು: "ನೀವೆಲ್ಲರೂ ಬರಬೇಕು."

ಈ ಸಲ ಕೈ ತೊಳೆದುಕೊಂಡು ಬಂದು ಕೂತೆ. ಓದುವುದು ಯಾರು ಎಂದು ಕೇಳಿದೆ.

"ಎಲ್ಲರೂ ಮಾರಾಯ" ಎಂದು ಉತ್ತರ ಬಂತು.